ಪ್ಯಾರಾದಲ್ಲಿ ಬರೆದ ಬಿಲ್ಲನ್ನು ಐಟಂವೈಸ್ ಇನ್‌ವಾಯ್ಸ್ ಮಾಡುವುದು ಹೇಗೆ?

ಪ್ರಶ್ನೆ: ನಮಸ್ಕಾರ ಸರ್. ನಾನು ಹುಬ್ಬಳ್ಳಿಯವಳು. ಫ್ರೀಲ್ಯಾನ್ಸ್ ಆಗಿ ಅನುವಾದ, ಪುಟ ವಿನ್ಯಾಸ ಮಾಡುತ್ತೇನೆ. ಜಿಎಸ್‌ಟಿ ನಂಬರ್ ಇದೆ. ಬೆಂಗಳೂರಿನ ಒಂದು ಪಂಪ್‌ಸೆಟ್ ಕಂಪನಿಗೆ ಕೈಪಿಡಿ ಮಾಡಿಕೊಟ್ಟು ಹೀಗೆ ಮೇಲ್ ಹಾಕಿದ್ದೆ: "ಅನುವಾದ 24,800 ಪದ ಆಯಿತು, ಪದಕ್ಕೆ 2 ರೂಪಾಯಿ ಮಾತಾಡಿದ್ದು. ವಿನ್ಯಾಸ 96 ಪುಟ, ಪುಟಕ್ಕೆ 150. ನೀವು ಆಮೇಲೆ ಬದಲಾಯಿಸಿದ 12 ಪುಟ ಮತ್ತೆ ಮಾಡಿದ್ದೇನೆ, ಅದಕ್ಕೆ ಅರ್ಧ. ಮೀಟಿಂಗಿಗೆ ಬೆಂಗಳೂರಿಗೆ ಬಂದುಹೋದ ಖರ್ಚು 1,800. ಜೂನ್ 12ಕ್ಕೆ 20,000 ಅಡ್ವಾನ್ಸ್ ಬಂದಿದೆ. ಜುಲೈ 8ಕ್ಕೆ ಫೈಲ್ ಕಳಿಸಿದ್ದೇನೆ. ಜಿಎಸ್‌ಟಿ ಸೇರಿಸಿ ಬೇಗ ಹಾಕಿಬಿಡಿ." ಅಕೌಂಟ್ಸ್‌ನವರು ಐಟಂವೈಸ್ ಇನ್‌ವಾಯ್ಸ್ ಬೇಕು ಅಂತ ವಾಪಸ್ ಕಳಿಸಿದ್ದಾರೆ. ಯಾವುದನ್ನು ಎಲ್ಲಿ ಬರೆಯಬೇಕು?

ಉತ್ತರ: ನಮಸ್ಕಾರ ಮೇಡಂ. ಬೇಕಾದ ವಿಷಯ ಬಹುತೇಕ ನಿಮ್ಮ ಮೇಲ್‌ನಲ್ಲೇ ಇದೆ. ತೊಂದರೆ ಏನೆಂದರೆ, ಅದು ನಿಮಗೂ ನಿಮಗೆ ಕೆಲಸ ಕೊಟ್ಟವರಿಗೂ ಮಾತ್ರ ಅರ್ಥವಾಗುತ್ತದೆ. ಬಿಲ್ ಪಾಸ್ ಮಾಡುವವರು ಬೇರೆಯವರು. ಅವರು ಕೈಪಿಡಿ ನೋಡಿಲ್ಲ, ಮೀಟಿಂಗಿಗೆ ಬಂದಿಲ್ಲ. ಅವರ ಮೇಜಿನ ಮೇಲೆ ಇರುವುದು ಕಂಪನಿ ನಿಮಗೆ ಕೊಟ್ಟ ಪರ್ಚೇಸ್ ಆರ್ಡರ್ ಮತ್ತು ನಿಮ್ಮ ಬಿಲ್, ಅಷ್ಟೇ. ಎರಡನ್ನೂ ಪಕ್ಕದಲ್ಲಿಟ್ಟುಕೊಂಡು ಒಂದೊಂದು ಮೊತ್ತಕ್ಕೂ ಟಿಕ್ ಹಾಕಬೇಕು. ಟಿಕ್ ಹಾಕಲು ಆಗದ ಒಂದು ಮೊತ್ತ ಇದ್ದರೂ ಇಡೀ ಬಿಲ್ ಅಲ್ಲೇ ಕೂರುತ್ತದೆ.

ಹಾಗಾಗಿ ಮೊದಲು ನಿಮ್ಮ ಪ್ಯಾರಾವನ್ನು ಮೂರು ಗುಂಪು ಮಾಡಿ. ಮಾಡಿದ ಕೆಲಸಕ್ಕೆ ಕೇಳುವ ಹಣ ಒಂದು ಗುಂಪು. ಅದರ ಮೇಲಿನ ತೆರಿಗೆ ಇನ್ನೊಂದು. ಈಗಾಗಲೇ ಬಂದಿದ್ದು ಮತ್ತು ಮುಂದೆ ಯಾವಾಗ ಬರಬೇಕು ಎನ್ನುವುದು ಮೂರನೆಯದು. ಅಡ್ವಾನ್ಸ್ ಕೆಲಸದ ಸಾಲಲ್ಲ. "ಬೇಗ" ಎನ್ನುವುದೂ ಒಂದು ಷರತ್ತಲ್ಲ, ಅದಕ್ಕೆ ಆಮೇಲೆ ಬರುತ್ತೇನೆ. ಮೊದಲ ಗುಂಪಿನಲ್ಲಿ ಉಳಿಯುವುದು ನಾಲ್ಕು ಸಾಲು:

| ಕ್ರ.ಸಂ. | ವಿವರ | ಪ್ರಮಾಣ | ಅಳತೆ | ದರ (ರೂ.) | ಮೊತ್ತ (ರೂ.) |
|---|---|---|---|---|---|
| 1 | ಪಂಪ್‌ಸೆಟ್ ಕೈಪಿಡಿ ಅನುವಾದ, ಇಂಗ್ಲಿಷಿನಿಂದ ಕನ್ನಡಕ್ಕೆ, ಮೂಲದ ಪದಗಳ ಲೆಕ್ಕ | 24,800 | ಪದ | 2 | 49,600 |
| 2 | ಕೈಪಿಡಿಯ ಪುಟ ವಿನ್ಯಾಸ | 96 | ಪುಟ | 150 | 14,400 |
| 3 | ಒಪ್ಪಿಗೆಯ ನಂತರ ಬದಲಾದ ಪುಟಗಳ ಮರುವಿನ್ಯಾಸ | 12 | ಪುಟ | 75 | 900 |
| 4 | ಹುಬ್ಬಳ್ಳಿ–ಬೆಂಗಳೂರು ಪ್ರಯಾಣ ವೆಚ್ಚ, ಟಿಕೆಟ್ ಲಗತ್ತಿಸಿದೆ | 1 | ಬಾರಿ | 1,800 | 1,800 |
| | ತೆರಿಗೆಗೆ ಮುಂಚಿನ ಮೊತ್ತ | | | | 66,700 |

ಮೊದಲ ಸಾಲಿನಲ್ಲಿ "ಮೂಲದ ಪದಗಳ ಲೆಕ್ಕ" ಎಂದು ಸೇರಿಸಿದ್ದೇನೆ, ನೋಡಿ. ಅನುವಾದದ ಬಿಲ್‌ನಲ್ಲಿ ಅತಿ ಹೆಚ್ಚು ಜಗಳ ಹುಟ್ಟುವ ಜಾಗ ಇದೇ. ಇಂಗ್ಲಿಷಿನ ಎರಡು ಮೂರು ಪದ ಕನ್ನಡದಲ್ಲಿ ವಿಭಕ್ತಿ ಪ್ರತ್ಯಯ ಸೇರಿ ಒಂದೇ ಪದವಾಗಿಬಿಡುತ್ತದೆ. ಹಾಗಾಗಿ ಕನ್ನಡ ಫೈಲ್‌ನ ಪದ ಎಣಿಸಿದರೆ 24,800 ಬರುವುದಿಲ್ಲ, ಸಾವಿರಗಟ್ಟಲೆ ಕಡಿಮೆ ಬರುತ್ತದೆ. ಅಕೌಂಟ್ಸ್‌ನಲ್ಲಿ ಯಾರಾದರೂ ನಿಮ್ಮ ಕನ್ನಡ ಫೈಲ್ ತೆರೆದು ಕೆಳಗೆ ಕಾಣುವ ಪದಸಂಖ್ಯೆ ನೋಡಿದರೆ, ನೀವು ಜಾಸ್ತಿ ಬರೆದಿದ್ದೀರಿ ಎಂದೇ ಅನಿಸುತ್ತದೆ. ಯಾವ ಫೈಲ್‌ನ ಲೆಕ್ಕ ಎಂದು ಸಾಲಿನಲ್ಲೇ ಇದ್ದರೆ ಆ ಪ್ರಶ್ನೆ ಏಳುವುದಿಲ್ಲ. ಮೂಲ ಇಂಗ್ಲಿಷ್ ಫೈಲ್‌ನ ಹೆಸರನ್ನೂ ಹಾಕಿದರೆ ಇನ್ನೂ ಒಳ್ಳೆಯದು.

ಮೂರನೇ ಸಾಲನ್ನು ಎರಡನೆಯದಕ್ಕೆ ಸೇರಿಸಿ 108 ಪುಟ ಎಂದು ಬರೆಯಲು ಹೋಗಬೇಡಿ. ಕೈಪಿಡಿಯಲ್ಲಿ ಇರುವುದೇ 96 ಪುಟ. "ಅರ್ಧ ರೇಟು" ಎಂದು ಮಾತಾಡಿದ್ದಕ್ಕೆ ಕೆಲವರು ಪ್ರಮಾಣವನ್ನು 6 ಮಾಡಿ ದರ 150 ಹಾಕುತ್ತಾರೆ. ಮೊತ್ತ ಅದೇ 900 ಬರುತ್ತದೆ, ಆದರೆ ಬದಲಾದ ಪುಟ 12 ಎಂದು ಕಂಪನಿಯ ಮೇಲ್‌ನಲ್ಲಿ ಇರುತ್ತದೆ, ಬಿಲ್‌ನಲ್ಲಿ 6 ಇರುತ್ತದೆ. ಎಣಿಸಿ ನೋಡಬಹುದಾದ ಸಂಖ್ಯೆಯನ್ನು ಹಾಗೇ ಬಿಡಿ, ರಿಯಾಯಿತಿಯನ್ನು ದರದಲ್ಲಿ ತೋರಿಸಿ. ಇನ್ನೊಂದು ಮಾತು: ಈ 900 ರೂಪಾಯಿ ಬಹುಶಃ ಪರ್ಚೇಸ್ ಆರ್ಡರ್‌ನಲ್ಲಿ ಇರುವುದಿಲ್ಲ, ಆಮೇಲೆ ಬಂದ ಕೆಲಸ ಅಲ್ವಾ? ಹಾಗಿದ್ದರೆ ಆ ಬದಲಾವಣೆ ಕೇಳಿ ಅವರು ಕಳಿಸಿದ ಮೇಲ್‌ನ ದಿನಾಂಕವನ್ನು ವಿವರದಲ್ಲೇ ಬರೆಯಿರಿ. ಆರ್ಡರ್‌ನಲ್ಲಿ ಇಲ್ಲದ ಸಾಲಿಗೆ ಅದೇ ಆಧಾರ.

ನಾಲ್ಕನೇ ಸಾಲು ಪ್ರಯಾಣದ್ದು. ಖರ್ಚಿನ ಹಣಕ್ಕೆ ಯಾಕೆ ಜಿಎಸ್‌ಟಿ, ಅದನ್ನು ತೆರಿಗೆಯ ಕೆಳಗೆ ಬೇರೆಯಾಗಿ ಸೇರಿಸಿದರೆ ಆಗದೇ ಎಂದು ತುಂಬ ಜನ ಕೇಳುತ್ತಾರೆ. ಆಗುವುದಿಲ್ಲ. ಕಂಪನಿಯ ಪರವಾಗಿ, ಅವರು ಹೇಳಿದ್ದಕ್ಕೆ, ಅವರಿಗೆ ಸೇರಬೇಕಾದ ಯಾವುದೋ ಶುಲ್ಕವನ್ನು ನೀವು ಕಟ್ಟಿ ಅಷ್ಟನ್ನೇ ವಾಪಸ್ ಪಡೆದರೆ ಮಾತ್ರ ಅದನ್ನು ತೆರಿಗೆಯ ಹೊರಗಿಡಬಹುದು. ನೀವು ಹತ್ತಿದ ಬಸ್ಸು ನಿಮ್ಮ ಕೆಲಸ ಮುಗಿಸಲು ಆದ ಖರ್ಚು. ಕಾನೂನಿನ ಲೆಕ್ಕದಲ್ಲಿ ಅದು ನಿಮ್ಮ ಸೇವೆಯ ಬೆಲೆಯ ಭಾಗ. ಆದ್ದರಿಂದ 1,800 ಮೇಲಿನ ಪಟ್ಟಿಯೊಳಗೇ ಇರಬೇಕು.

ಪದದ ಲೆಕ್ಕ ಮಾತಾಡದೆ "ಅನುವಾದಕ್ಕೆ ಒಟ್ಟು 50,000" ಎಂದು ಒಪ್ಪಿಕೊಂಡ ಕೆಲಸವಿದ್ದರೆ ಏನು ಮಾಡಬೇಕು? ಆಗ ಪ್ರಮಾಣ 1, ಅಳತೆ "ಕೆಲಸ", ದರ 50,000. ಚೆನ್ನಾಗಿ ಕಾಣಲಿ ಎಂದು ಪದದ ದರ ಹುಟ್ಟಿಸಬೇಡಿ. 50,000ವನ್ನು 24,800ರಿಂದ ಭಾಗಿಸಿದರೆ 2.016 ಚಿಲ್ಲರೆ ಬರುತ್ತದೆ. ಶೀಟ್‌ನಲ್ಲಿ ಅದು 2.02 ಎಂದು ಕಾಣುತ್ತದೆ. ಅಕೌಂಟ್ಸ್‌ನವರು ಕ್ಯಾಲ್ಕುಲೇಟರ್‌ನಲ್ಲಿ ಗುಣಿಸಿದರೆ 50,096. ಆ 96 ರೂಪಾಯಿ ಎಲ್ಲಿಂದ ಬಂತು ಎಂದು ಮೇಲ್ ಬರುತ್ತದೆ.

ಶೀಟ್‌ನ ಮಾತು ಬಂತಲ್ಲ, ಅಳತೆಗೆ ಬೇರೆ ಕಾಲಂ ಇಟ್ಟಿರುವುದಕ್ಕೂ ಕಾರಣವಿದೆ. ಒಂದೇ ಸೆಲ್‌ನಲ್ಲಿ "24,800 ಪದ" ಎಂದು ಟೈಪ್ ಮಾಡಿದರೆ ಎಕ್ಸೆಲ್ ಅದನ್ನು ಸಂಖ್ಯೆ ಎಂದು ಓದುವುದಿಲ್ಲ. ಗುಣಾಕಾರದ ಜಾಗದಲ್ಲಿ `#VALUE!` ಬರುತ್ತದೆ. ಆಗ ಜನ ಬೇಸತ್ತು ಮೊತ್ತವನ್ನು ಕೈಯಲ್ಲೇ ತುಂಬುತ್ತಾರೆ, ಆಮೇಲೆ ಪ್ರಮಾಣ ಬದಲಾದಾಗ ಮೊತ್ತ ಬದಲಾಗದೆ ಉಳಿಯುತ್ತದೆ. ಮೇಲಿನ ಪಟ್ಟಿಯನ್ನು A ಕಾಲಂನಿಂದ ಶುರು ಮಾಡಿ, ಮೊದಲ ಸಾಲು ಶೀರ್ಷಿಕೆ ಎಂದಿಟ್ಟುಕೊಂಡರೆ, F ಕಾಲಂನಲ್ಲಿ ಇಷ್ಟು ಸಾಕು:

```
F2:  =C2*E2        (F5 ವರೆಗೆ ಎಳೆಯಿರಿ)
F6:  =SUM(F2:F5)
F7:  =F6*9%
F8:  =F6*9%
F9:  =SUM(F6:F8)
F10: 20000
F11: =F9-F10
```

F7, F8 ಎರಡು 9% ಏಕೆ? ನಿಮ್ಮ ಸೇವೆಗೆ ಜಿಎಸ್‌ಟಿ 18%. ಕೊಡುವವರು, ಪಡೆಯುವವರು ಇಬ್ಬರೂ ಕರ್ನಾಟಕದವರಾದರೆ ಅದು ಕೇಂದ್ರದ 9%, ರಾಜ್ಯದ 9% ಎಂದು ಒಡೆಯುತ್ತದೆ. ಎರಡನ್ನೂ ಬೇರೆ ಬೇರೆ ಸಾಲಾಗಿ ತೋರಿಸಬೇಕು. ಇಲ್ಲಿ ಸಿಜಿಎಸ್‌ಟಿ 6,003, ಎಸ್‌ಜಿಎಸ್‌ಟಿ 6,003, ಒಟ್ಟು 12,006. ತೆರಿಗೆ ಸೇರಿ ಬಿಲ್ ಮೊತ್ತ 78,706.

ಆದರೆ "ಬೆಂಗಳೂರಿನ ಕಂಪನಿ" ಎಂದ ಮಾತ್ರಕ್ಕೆ ಇದು ತೀರ್ಮಾನವಾಗುವುದಿಲ್ಲ. ಅವರು ಬಿಲ್‌ಗೆ ಕೊಟ್ಟಿರುವ ಜಿಎಸ್‌ಟಿ ನಂಬರಿನ ಮೊದಲ ಎರಡು ಅಂಕಿ ನೋಡಿ. 29 ಇದ್ದರೆ ಕರ್ನಾಟಕ. ಕಂಪನಿಯ ಹೆಡ್ ಆಫೀಸ್ ಮುಂಬೈಯಲ್ಲಿದ್ದು, ಆರ್ಡರೂ ಅಲ್ಲಿಂದಲೇ ಬಂದು, 27ರಿಂದ ಶುರುವಾಗುವ ನಂಬರ್ ಕೊಟ್ಟಿದ್ದರೆ ನೀವು ಹಾಕಬೇಕಾದದ್ದು ಐಜಿಎಸ್‌ಟಿ, ಅಂದರೆ ಬೇರೆ ರಾಜ್ಯಕ್ಕೆ ಕೊಡುವ ಸೇವೆಯ ಜಿಎಸ್‌ಟಿ, 18%, ಒಂದೇ ಸಾಲು. ಮೊತ್ತ ಎರಡರಲ್ಲೂ 12,006ವೇ, ಅದಕ್ಕೇ ಈ ತಪ್ಪು ಕಣ್ಣಿಗೆ ಬೀಳುವುದಿಲ್ಲ. ಆದರೆ ತಪ್ಪು ಖಾತೆಗೆ ಕಟ್ಟಿದರೆ ಸರಿಯಾದ ಖಾತೆಗೆ ಮತ್ತೆ ಕಟ್ಟಿ, ಹಳೆಯದನ್ನು ರೀಫಂಡ್ ಕೇಳಬೇಕಾಗುತ್ತದೆ.

ಪ್ರತಿ ಸಾಲಿಗೆ ಎಸ್‌ಎಸಿ ಕೋಡ್ ಕೂಡ ಬೇಕು, ಅಂದರೆ ಅದು ಯಾವ ಬಗೆಯ ಸೇವೆ ಎಂದು ಜಿಎಸ್‌ಟಿ ಲೆಕ್ಕಕ್ಕೆ ತಿಳಿಸುವ ಸಂಖ್ಯೆ. ವಹಿವಾಟು ವರ್ಷಕ್ಕೆ 5 ಕೋಟಿ ಮೀರದವರಿಗೆ ನಾಲ್ಕು ಅಂಕಿ ಸಾಕು. ಅನುವಾದವೂ ವಿನ್ಯಾಸವೂ 9983ರ ಅಡಿಯಲ್ಲೇ ಬರುತ್ತವೆ. ಪ್ರಯಾಣ ಆ ಸೇವೆಯ ಭಾಗವಾದ್ದರಿಂದ ಅದಕ್ಕೂ ಅದೇ ಕೋಡ್.

ಇದನ್ನು ಓದುತ್ತಿರುವ ಎಷ್ಟೋ ಜನರಿಗೆ ಜಿಎಸ್‌ಟಿ ನೋಂದಣಿ ಇರುವುದಿಲ್ಲ, ಬೇಕಾಗಿಯೂ ಇಲ್ಲ. ನಮ್ಮ ರಾಜ್ಯದಲ್ಲಿ ಸೇವೆಯಿಂದ ವರ್ಷಕ್ಕೆ 20 ಲಕ್ಷದವರೆಗೆ ಬರುವವರಿಗೆ ನೋಂದಣಿ ಕಡ್ಡಾಯವಲ್ಲ. ಅಂಥವರ ಬಿಲ್ 66,700ಕ್ಕೇ ಮುಗಿಯುತ್ತದೆ. ಅವರು ಜಿಎಸ್‌ಟಿ ಎಂಬ ಸಾಲು ಹಾಕಿ ಹಣ ಪಡೆಯುವಂತಿಲ್ಲ, ಕಾನೂನೇ ಅದನ್ನು ತಡೆಯುತ್ತದೆ. "ಟ್ಯಾಕ್ಸ್ ಇನ್‌ವಾಯ್ಸ್" ಎಂಬ ತಲೆಬರಹವೂ ಬೇಡ, ಬರೀ "ಇನ್‌ವಾಯ್ಸ್" ಸಾಕು.

ಈಗ ಅಡ್ವಾನ್ಸ್. ಇದನ್ನು ಕಳೆಯುವ ಜಾಗ ತೆರಿಗೆಯ ಕೆಳಗೆ, ಮೇಲಲ್ಲ. 66,700ರಲ್ಲಿ 20,000 ಕಳೆದು ಉಳಿದ 46,700ಕ್ಕೆ 18% ಹಾಕಿದರೆ ತೆರಿಗೆ 8,406 ಆಗುತ್ತದೆ. 3,600 ರೂಪಾಯಿ ತೆರಿಗೆ ಬಿಲ್‌ನಿಂದಲೇ ಮಾಯ. ಸರಕಾರ ಅದನ್ನು ಬಿಡುವುದಿಲ್ಲ, ನಿಮ್ಮ ಕೈಯಿಂದ ಹೋಗುತ್ತದೆ. ಮೊದಲು ಪೂರ್ತಿ ಕೆಲಸಕ್ಕೆ ಪೂರ್ತಿ ತೆರಿಗೆ, 78,706. ಅದರ ಕೆಳಗೆ "ಜೂನ್ 12ರಂದು ಪಡೆದ ಮುಂಗಡ, ಕಳೆಯಿರಿ 20,000". ಬರಬೇಕಾದ ಬಾಕಿ 58,706.

ಸೇವೆಗೆ ಅಡ್ವಾನ್ಸ್ ಪಡೆದರೆ ಹಣ ಬಂದ ತಿಂಗಳಿಗೇ ಅದರ ಮೇಲಿನ ತೆರಿಗೆ ಬೀಳುತ್ತದೆ ಎಂಬುದು ನಿಮಗೆ ಗೊತ್ತಿರಲಿ. ಬಂದ 20,000ದಲ್ಲಿ ತೆರಿಗೆ ಸೇರಿದೆ ಎಂದು ಲೆಕ್ಕ ಹಿಡಿದರೆ 118ರಲ್ಲಿ 18 ಪಾಲು, ಅಂದರೆ 3,050.85 ಜೂನ್ ತಿಂಗಳ ರಿಟರ್ನ್‌ಗೆ ಹೋಗುತ್ತದೆ. ಉಳಿದ 8,955.15 ಜುಲೈ ತಿಂಗಳದ್ದಕ್ಕೆ. ಇದು ನಿಮ್ಮ ರಿಟರ್ನ್‌ನ ಲೆಕ್ಕ. ಕಂಪನಿಗೆ ಕೊಡುವ ಇನ್‌ವಾಯ್ಸ್‌ನಲ್ಲಿ 12,006 ಪೂರ್ತಿಯಾಗಿಯೇ ಇರಬೇಕು.

58,706 ಎಂದು ಬಿಲ್ ಹಾಕಿದರೂ ಬ್ಯಾಂಕಿಗೆ ಅಷ್ಟು ಬರುವುದಿಲ್ಲ. ಟಿಡಿಎಸ್ ಹಿಡಿಯುತ್ತಾರೆ, ಅಂದರೆ ನಿಮ್ಮ ಆದಾಯ ತೆರಿಗೆಯ ಒಂದು ಪಾಲನ್ನು ಹಣ ಕೊಡುವಾಗಲೇ ಕಡಿತ ಮಾಡುತ್ತಾರೆ. ನಿಮ್ಮದನ್ನು ವೃತ್ತಿಪರ ಸೇವೆ ಎಂದು ಕಂಪನಿ ಪರಿಗಣಿಸಿದರೆ, ವರ್ಷದಲ್ಲಿ ನಿಮಗೆ ಕೊಡುವುದು 50,000 ದಾಟಿದಾಗ 10% ಹಿಡಿಯಬೇಕು. ಜೂನ್‌ನಲ್ಲಿ 20,000 ಮಾತ್ರ ಕೊಟ್ಟಿದ್ದರಿಂದ ಆಗ ಹಿಡಿದಿರುವುದಿಲ್ಲ. ಈಗ ಮಿತಿ ದಾಟಿತು, ಹಾಗಾಗಿ ಪೂರ್ತಿ ಮೊತ್ತಕ್ಕೆ ಒಟ್ಟಿಗೆ ಹಿಡಿಯುತ್ತಾರೆ. ಎಷ್ಟರ ಮೇಲೆ ಹಿಡಿಯುತ್ತಾರೆ ಎಂಬುದು ನೀವು ಸಾಲು ಹೇಗೆ ಬರೆದಿದ್ದೀರಿ ಎನ್ನುವುದರ ಮೇಲೆ ನಿಂತಿದೆ. ಜಿಎಸ್‌ಟಿಯನ್ನು ಬೇರೆಯಾಗಿ ತೋರಿಸಿದ್ದರೆ ಅದರ ಮೇಲೆ ಟಿಡಿಎಸ್ ಹಿಡಿಯಬಾರದು ಎಂದು ನೇರ ತೆರಿಗೆ ಮಂಡಳಿ 2017ರಲ್ಲೇ ಸುತ್ತೋಲೆ ಹೊರಡಿಸಿದೆ. ಅಂದರೆ 66,700ಕ್ಕೆ 10%, 6,670. ಸುಮ್ನೆ "ಎಲ್ಲ ಸೇರಿ 78,706" ಎಂದು ಬರೆದಿದ್ದರೆ 7,871 ಹಿಡಿದುಬಿಡುತ್ತಾರೆ. ಐಟಂವೈಸ್ ಬಿಲ್ ಅವರಿಗಿಂತ ನಿಮಗೇ ಜಾಸ್ತಿ ಬೇಕಾದದ್ದು ಎಂದು ನಾನು ಹೇಳುವುದು ಇಂಥ ಕಡೆ.

ಟಿಡಿಎಸ್ ಅನ್ನು ನೀವೇ ಬಿಲ್‌ನಲ್ಲಿ ಕಳೆದು ತೋರಿಸಬೇಡಿ. ಅದು ಹಿಡಿಯುವವರ ಕೆಲಸ, ಅವರು ಯಾವ ದರ ಹಾಕುತ್ತಾರೋ ಅವರಿಗೇ ಬಿಟ್ಟದ್ದು. ಇಂಥ ಕೆಲಸವನ್ನು ಕಾಂಟ್ರಾಕ್ಟ್ ಎಂದು ನೋಡಿ ವ್ಯಕ್ತಿಗಳಿಗೆ 1% ಹಿಡಿಯುವ ಕಂಪನಿಗಳೂ ಇವೆ. ನೀವು ಪ್ಯಾನ್ ನಂಬರ್ ಬರೆಯಿರಿ, ಸಾಕು. ಅದಿಲ್ಲದಿದ್ದರೆ 20% ಹಿಡಿಯುತ್ತಾರೆ. 10% ಹಿಡಿದರೆ ನಿಮ್ಮ ಖಾತೆಗೆ 52,036 ಬರುತ್ತದೆ. ಆ ಸಂಖ್ಯೆಯನ್ನು ನಿಮ್ಮ ಡೈರಿಯಲ್ಲಿ ಬರೆದಿಟ್ಟುಕೊಳ್ಳಿ, ಬಂದ ಹಣವನ್ನು ಅದಕ್ಕೆ ಹೋಲಿಸಿ. ಉಳಿದ 6,670 ನಿಮ್ಮ ಪ್ಯಾನ್‌ಗೆ ಜಮೆ ಆಗಿದೆಯಾ ಎಂದು ಆದಾಯ ತೆರಿಗೆ ಪೋರ್ಟಲ್‌ನಲ್ಲಿ ನೋಡಿ.

ಇನ್ನು "ಬೇಗ ಹಾಕಿಬಿಡಿ". ಅಕೌಂಟ್ಸ್‌ನ ಸಾಫ್ಟ್‌ವೇರ್‌ನಲ್ಲಿ ಪಾವತಿಯ ಕೊನೆಯ ದಿನಾಂಕ ಎಂದು ಒಂದು ಖಾನೆ ಇರುತ್ತದೆ. ಬಿಲ್‌ನಲ್ಲಿ ದಿನಾಂಕ ಇದ್ದರೆ ಅದನ್ನು ತುಂಬುತ್ತಾರೆ, ಇಲ್ಲದಿದ್ದರೆ ತಮ್ಮ ರೂಢಿಯ ಪ್ರಕಾರ 60 ದಿನವೋ 90 ದಿನವೋ ಹಾಕುತ್ತಾರೆ. ಅಷ್ಟು ಕಾಯಲು ನಿಮಗೆ ಆಗುವುದಿಲ್ಲ, ಏಕೆಂದರೆ ಜಿಎಸ್‌ಟಿ ಕಟ್ಟಬೇಕಾದದ್ದು ಹಣ ಬಂದಾಗಲ್ಲ, ಬಿಲ್ ಹಾಕಿದ ಲೆಕ್ಕದಲ್ಲಿ. ತಿಂಗಳ ರಿಟರ್ನ್ ಹಾಕುವವರಾದರೆ ಜುಲೈ ಬಿಲ್‌ನ ತೆರಿಗೆ ಆಗಸ್ಟ್ 20ಕ್ಕೆ ಹೋಗಬೇಕು, ಕಂಪನಿ ಕೊಟ್ಟಿರಲಿ ಬಿಡಲಿ.

ನಿಮ್ಮ ಪರವಾಗಿ ಒಂದು ಕಾನೂನಿದೆ, ಸಣ್ಣ ಉದ್ಯಮಗಳಿಗಾಗಿ ಇರುವ 2006ರ ಎಂಎಸ್‌ಎಂಇಡಿ ಕಾಯ್ದೆ. ನೀವು ಸರಕಾರದ ಉದ್ಯಮ್ ಪೋರ್ಟಲ್‌ನಲ್ಲಿ ಸೂಕ್ಷ್ಮ ಉದ್ಯಮವಾಗಿ ನೋಂದಾಯಿಸಿಕೊಂಡಿದ್ದರೆ, ಅದಕ್ಕೆ ಶುಲ್ಕವೇನೂ ಇಲ್ಲ, ಲಿಖಿತ ಒಪ್ಪಂದ ಇಲ್ಲದಾಗ ಕೊಳ್ಳುವವರು 15 ದಿನದೊಳಗೆ ಹಣ ಕೊಡಬೇಕು. ಒಪ್ಪಂದ ಇದ್ದರೂ 45 ದಿನ ಮೀರುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳು ತಿಂಗಳು ಅಸಲಿಗೆ ಸೇರುವ ಚಕ್ರಬಡ್ಡಿ. ಬಡ್ಡಿಗಿಂತ ಕಂಪನಿಗಳಿಗೆ ಬಿಸಿ ಮುಟ್ಟಿಸಿರುವುದು 2024ರ ಏಪ್ರಿಲ್ 1ರಿಂದ ಬಂದ ಆದಾಯ ತೆರಿಗೆ ನಿಯಮ. ಈ ಗಡುವಿನೊಳಗೆ ಕೊಡದ ಹಣವನ್ನು ಅವರು ನಿಜವಾಗಿ ಕೊಟ್ಟ ವರ್ಷದವರೆಗೆ ಖರ್ಚು ಎಂದು ತೋರಿಸುವಂತಿಲ್ಲ. ಹಾಗಾಗಿ ಬಿಲ್ ಮೇಲೆ ಉದ್ಯಮ್ ನಂಬರ್ ಕಂಡರೆ ಅಕೌಂಟ್ಸ್‌ನವರು ಅದನ್ನು ಬೇರೆ ಸಾಲಿನಲ್ಲಿಟ್ಟು ನೋಡುತ್ತಾರೆ. ಕೆಲಸ ಒಪ್ಪಿಕೊಳ್ಳುವ ಮೊದಲೇ ನೋಂದಣಿ ಆಗಿದ್ದರೆ ತಕರಾರಿಗೆ ಜಾಗವಿರುವುದಿಲ್ಲ.

ಈ ದಿನಗಳನ್ನು ಎಣಿಸುವುದು ಬಿಲ್ ದಿನಾಂಕದಿಂದಲ್ಲ, ಕೆಲಸ ಒಪ್ಪಿಸಿದ ದಿನದಿಂದ. ಕೆಲಸದಲ್ಲಿ ಕೊರತೆ ಇದೆ ಎಂದು ಅವರು 15 ದಿನದೊಳಗೆ ಬರೆದು ತಿಳಿಸಿದರೆ, ಅದು ಸರಿಯಾದ ದಿನದಿಂದ. ಆದ್ದರಿಂದ ಜುಲೈ 8 ಬಿಲ್‌ನಲ್ಲಿ ಇರಲೇಬೇಕು. ನೀವು ಮೊದಲೇ 30 ದಿನಕ್ಕೆ ಒಪ್ಪಿಕೊಂಡಿದ್ದೀರಿ ಎಂದಿಟ್ಟುಕೊಂಡರೆ ಷರತ್ತು ಹೀಗಿರಲಿ:

"ಫೈಲ್ ಒಪ್ಪಿಸಿದ ದಿನ: ಜುಲೈ 8. ಬಾಕಿ ರೂ. 58,706, ಕಾನೂನುಬದ್ಧ ಟಿಡಿಎಸ್ ಕಳೆದು, ಆಗಸ್ಟ್ 7ರೊಳಗೆ ಕೆಳಗಿನ ಬ್ಯಾಂಕ್ ಖಾತೆಗೆ ಪಾವತಿಸಬೇಕು. ತಡವಾದರೆ ಎಂಎಸ್‌ಎಂಇಡಿ ಕಾಯ್ದೆ 2006ರ ಪ್ರಕಾರ ಬಡ್ಡಿ ಅನ್ವಯಿಸುತ್ತದೆ."

ಕೊನೆಯ ವಾಕ್ಯವನ್ನು ಉದ್ಯಮ್ ನೋಂದಣಿ ಇದ್ದರೆ ಮಾತ್ರ ಹಾಕಿ. ಮುಂಚೆ ಏನೂ ಮಾತಾಡಿರದಿದ್ದರೆ ಬಿಲ್ ಕಳಿಸುವ ಮೊದಲು ಒಂದು ಮೇಲ್ ಹಾಕಿ ದಿನಾಂಕ ಒಪ್ಪಿಸಿಕೊಳ್ಳಿ. ಬಿಲ್‌ನಲ್ಲಿ ನೀವೊಬ್ಬರೇ ಬರೆದ ಷರತ್ತಿಗೂ ಇಬ್ಬರೂ ಒಪ್ಪಿದ ಷರತ್ತಿಗೂ ಬೆಲೆಯಲ್ಲಿ ವ್ಯತ್ಯಾಸ ಇದೆ.

ತಲೆಬರಹದ ಭಾಗ ಸುಲಭ. ಇಬ್ಬರ ಹೆಸರು, ವಿಳಾಸ, ಜಿಎಸ್‌ಟಿ ನಂಬರ್, ಪರ್ಚೇಸ್ ಆರ್ಡರ್ ನಂಬರ್, ಬಿಲ್ ದಿನಾಂಕ, ಕೆಳಗೆ ನಿಮ್ಮ ಸಹಿ. ಬಿಲ್ ನಂಬರ್ ಮಾತ್ರ ನೆನಪಿಡಿ: ಸರಣಿಯಲ್ಲಿ ಬರಬೇಕು, ಒಂದು ಹಣಕಾಸು ವರ್ಷದಲ್ಲಿ ಮರುಕಳಿಸಬಾರದು, 16 ಅಕ್ಷರ ಮೀರಬಾರದು. `HBL/25-26/014` ಎಂಬಂಥದ್ದು ಸರಿಹೋಗುತ್ತದೆ. ಕಂಪನಿಯ ಪೂರ್ತಿ ಹೆಸರು, ತಿಂಗಳು, ಕೆಲಸದ ಹೆಸರು ಎಲ್ಲ ನಂಬರಿನಲ್ಲೇ ತುರುಕಿದರೆ 16 ದಾಟಿ, ರಿಟರ್ನ್ ಹಾಕುವಾಗ ಪೋರ್ಟಲ್ ತೆಗೆದುಕೊಳ್ಳುವುದಿಲ್ಲ.

ನೀವು ಕಳಿಸಿದ ಮೇಲ್‌ಗೆ ನಂಬರ್ ಇರಲಿಲ್ಲ, ಹಾಗಾಗಿ ಅದು ಇನ್‌ವಾಯ್ಸ್ ಎಂದು ಲೆಕ್ಕಕ್ಕೆ ಬರುವುದಿಲ್ಲ, ರದ್ದು ಮಾಡುವ ತಲೆನೋವೂ ಇಲ್ಲ. ಸೇವೆ ಮುಗಿದು 30 ದಿನದೊಳಗೆ ಇನ್‌ವಾಯ್ಸ್ ಕೊಡಬೇಕು, ಅಂದರೆ ನಿಮಗೆ ಆಗಸ್ಟ್ 7ರವರೆಗೆ ಸಮಯವಿದೆ. ಆದರೆ ಅಲ್ಲಿಯವರೆಗೆ ಕಾಯಬೇಡಿ. ಮೇಲಿನ ಪಟ್ಟಿಯನ್ನು ನಂಬರ್ ಹಾಕದೆ, "ಕರಡು" ಎಂದು ಬರೆದು ಅಕೌಂಟ್ಸ್‌ನವರಿಗೆ ಮೊದಲು ಕಳಿಸಿ, ಪದಸಂಖ್ಯೆ, ಪುಟ, ಅವರ ಜಿಎಸ್‌ಟಿ ನಂಬರ್ ಸರಿಯಿದೆಯೇ ಎಂದು ಕೇಳಿ. ಅವರು ಸರಿ ಎಂದಮೇಲೆ ನಂಬರ್ ಕೊಟ್ಟು, ಸಹಿ ಹಾಕಿ ಪಿಡಿಎಫ್ ಕಳಿಸಿ. ನಂಬರ್ ಕೊಟ್ಟು ರಿಟರ್ನ್‌ನಲ್ಲಿ ತೋರಿಸಿದ ಮೇಲೆ ಮೊತ್ತ ಕಡಿಮೆ ಮಾಡಬೇಕಾಗಿ ಬಂದರೆ ಅದೇ ಬಿಲ್ ತಿದ್ದುವಂತಿಲ್ಲ, ಇಷ್ಟು ಇಳಿಸಿದ್ದೇನೆ ಎಂದು ತೋರಿಸುವ ಕ್ರೆಡಿಟ್ ನೋಟ್ ಬರೆದುಕೊಡಬೇಕಾಗುತ್ತದೆ.